ಮಳೆ ಬಂದರೆ ನೀರು ಎಲ್ಲಿವರೆಗೆ ಬರುತ್ತೆ ಸಾರ್?

ತಂಗಿಯ ಮಗಳಿಗೆ ಮನೆ ನೋಡಲು ಬೆಂಗಳೂರಿನ ಹೊರಮಾವು ಕಡೆ ಹೋಗಿದ್ದೆವು. ಗ್ರೌಂಡ್ ಫ್ಲೋರ್, ಹೊಸ ಪೇಂಟು. ಆದರೆ ಗೇಟಿನ ಬುಡದಲ್ಲಿ ಒಂದೂವರೆ ಅಡಿ ಸಿಮೆಂಟ್ ಕಟ್ಟೆ. ಕರೆಂಟ್ ಮೀಟರ್ ತಲೆಗಿಂತ ಎತ್ತರದಲ್ಲಿ. ಕಟ್ಟೆ ಯಾಕೆಂದು ಕೇಳಿದರೆ ಮಾಲೀಕರು, "ಹಾವು ಬರಬಾರದು ಅಂತ" ಎಂದರು. ಹಾವಿಗೆ ಹೆದರಿ ಮೀಟರ್ ಮೇಲೇರಿಸುವವರನ್ನು ನಾನು ಕಂಡಿಲ್ಲ.

ಇಂಥ ಕಡೆ ಕಾನೂನು ಬಾಡಿಗೆದಾರರ ಪರ ಇದೆ, ಆದರೆ ಅರ್ಧ ದಾರಿಯವರೆಗೆ ಮಾತ್ರ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಮಿನ ಪ್ರಕಾರ, ಮನೆಯ ಬಳಕೆಗೆ ಅಡ್ಡಿಯಾಗುವ ಮುಖ್ಯ ದೋಷ ತನಗೆ ಗೊತ್ತಿದ್ದರೆ ಮಾಲೀಕ ಅದನ್ನು ಹೇಳಲೇಬೇಕು. ಷರತ್ತು ಏನೆಂದರೆ, ಆ ದೋಷ ಸಾಮಾನ್ಯ ಎಚ್ಚರದಿಂದ ನೋಡಿದರೂ ಬಾಡಿಗೆದಾರನ ಕಣ್ಣಿಗೆ ಬೀಳದಂಥದ್ದಾಗಿರಬೇಕು. ಗೋಡೆ ಮೇಲೆ ಕೆಸರಿನ ಗೆರೆ ಎದ್ದು ಕಾಣುತ್ತಿದ್ದು ನೀವು ಕೇಳದೇ ಬಂದಿದ್ದರೆ, ನಾಳೆ ಮಾಲೀಕರ ವಕೀಲರು ಅದನ್ನೇ ಹಿಡಿಯುತ್ತಾರೆ. ಇನ್ನೊಂದು ತೊಡಕು: ರಸ್ತೆಯಲ್ಲಿ ನೀರು ನಿಂತರೆ ಅದು ಮನೆಯ ದೋಷ ಹೇಗಾಗುತ್ತದೆ ಎಂಬ ವಾದ ಬರಬಹುದು.

ಹಾಗಾಗಿ ಪ್ರಶ್ನೆ ಮನೆಯೊಳಗಿನದ್ದೇ ಆಗಿರಲಿ, ವಾಟ್ಸಾಪ್‌ನಲ್ಲಿರಲಿ. ನಾವು ಕಳಿಸಿದ್ದು ಇಷ್ಟು: "ಸಾರ್, ಕಳೆದ ಮೂರು ಮಳೆಗಾಲದಲ್ಲಿ ಮನೆಯೊಳಗೆ, ಸಂಪಿನೊಳಗೆ ಅಥವಾ ಪಾರ್ಕಿಂಗ್‌ಗೆ ನೀರು ಬಂದಿದೆಯಾ? ಬಚ್ಚಲಿನ ಜಾಲರಿಯಿಂದ ಉಕ್ಕಿದೆಯಾ?" "ಇಲ್ಲ" ಎಂಬ ಸುಳ್ಳು ಉತ್ತರ ನಂಬಿ ಕರಾರು ಮಾಡಿಕೊಂಡರೆ, 1872ರ ಕರಾರು ಕಾಯ್ದೆಯಡಿ ಅದನ್ನು ರದ್ದುಪಡಿಸಿ ಅಡ್ವಾನ್ಸ್ ವಾಪಸ್ ಕೇಳಲು ಆ ಮೆಸೇಜೇ ಆಧಾರ.

ಬಚ್ಚಲಿನ ಮಾತು ಸುಮ್ಮನೆ ಸೇರಿಸಿದ್ದಲ್ಲ. ಬೆಂಗಳೂರಿನಲ್ಲಿ ಮಳೆನೀರಿಗೆ ಚರಂಡಿ ಮತ್ತು ರಾಜಕಾಲುವೆ, ಕೊಳಚೆಗೆ ಜಲಮಂಡಳಿಯ ಒಳಚರಂಡಿ. ಎರಡೂ ಬೇರೆ ಬೇರೆ. ಆದರೆ ಎಷ್ಟೋ ಮನೆಗಳ ತಾರಸಿ ಪೈಪನ್ನು ಒಳಚರಂಡಿಗೇ ಕೊಟ್ಟಿರುತ್ತಾರೆ. ಜೋರು ಮಳೆಗೆ ಅದು ತುಂಬಿತೆಂದರೆ ರಸ್ತೆಗಿಂತ ತಗ್ಗಿನಲ್ಲಿರುವ ಮನೆಯ ಬಚ್ಚಲಿನಿಂದ ಕೊಳಚೆ ಉಕ್ಕುತ್ತದೆ. ಗೇಟಿನ ಕಟ್ಟೆ ಎಷ್ಟು ಎತ್ತರವಿದ್ದರೇನು? ತಾರಸಿಯ ಪೈಪು ಎಲ್ಲಿ ಇಳಿಯುತ್ತದೆ, ಸಂಪಿನ ಮುಚ್ಚಳ ರಸ್ತೆಗಿಂತ ಮೇಲಿದೆಯೇ, ಎದುರಿನ ಚರಂಡಿ ಮುಂದೆ ಯಾವ ಕಾಲುವೆ ಸೇರುತ್ತದೆ ಎಂದು ಒಮ್ಮೆ ನಡೆದು ನೋಡಿ. ಹಳೇ ಹಳ್ಳ, ಕೆರೆಗಳು ಎಲ್ಲಿದ್ದವೆಂದು ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್‌ನಲ್ಲಿ ಕಾಣುತ್ತದೆ. ಮೂಲೆಯ ಇಸ್ತ್ರಿ ಅಂಗಡಿಯವರನ್ನು ಕೇಳಿದರೆ ಇನ್ನೂ ಬೇಗ ಗೊತ್ತಾಗುತ್ತದೆ.

ಕರಾರು ಪತ್ರವನ್ನೂ ಓದಿ. 108ನೇ ಕಲಮು ಅನ್ವಯಿಸುವುದು ಕರಾರಿನಲ್ಲಿ ಬೇರೆ ರೀತಿ ಬರೆದಿಲ್ಲದಿದ್ದರೆ ಮಾತ್ರ. "ಇದ್ದ ಸ್ಥಿತಿಯಲ್ಲೇ ಒಪ್ಪಿದ್ದೇನೆ" ಎಂಬ ಸಾಲಿದ್ದರೆ ತೆಗೆಸಿ. ನೀರು ನುಗ್ಗಿದರೆ ನೋಟಿಸ್ ಅವಧಿಯಿಲ್ಲದೆ ಮನೆ ಬಿಡಬಹುದು, ಅಡ್ವಾನ್ಸ್ ಪೂರ್ತಿ ವಾಪಸ್ ಎಂದು ಸೇರಿಸಿ.

ನಮ್ಮ ಮೆಸೇಜಿಗೆ ಎರಡು ನೀಲಿ ಗೆರೆ ಬಂತು. ಹತ್ತು ನಿಮಿಷ ಬಿಟ್ಟು ಫೋನ್: "ಅದೆಲ್ಲ ಬರೆಯೋದ್ ಯಾಕಮ್ಮಾ, ಬನ್ನಿ, ಎದುರಿಗೇ ಮಾತಾಡೋಣ." ನಾವು ಹೋಗಲಿಲ್ಲ.