ಎಡಮಗ್ಗುಲು ಮಾತ್ರವೇ? ಒಂದು ಪಾಠದ ತಿದ್ದುಪಡಿ

ಸಮುದಾಯ ಸಂಪರ್ಕ ಚಟುವಟಿಕೆಯ ಅಂಗವಾಗಿ ಅಂಗನವಾಡಿಯೊಂದರಲ್ಲಿ ಗರ್ಭಿಣಿಯರಿಗೆ ‘ಕೊನೆಯ ಮೂರು ತಿಂಗಳ ನಿದ್ರೆ’ ಎಂಬ ಪಾಠ ಮಾಡಿದೆ. ‘ಎಡಮಗ್ಗುಲಲ್ಲೇ ಮಲಗಬೇಕು’ ಎಂದು ಪಾಠಯೋಜನೆಯಲ್ಲಿ ಬರೆದುಕೊಂಡಿದ್ದೆ, ಹಾಗೆಯೇ ಹೇಳಿದೆ. ಎಂಟು ತಿಂಗಳು ತುಂಬಿದ ಒಬ್ಬರು ಕೇಳಿದರು: “ಟೀಚರ್, ರಾತ್ರಿ ಎಚ್ಚರ ಆದಾಗ ಅಂಗಾತ ಇರ್ತೀನಿ. ಮಗೂಗೆ ಏನಾದ್ರೂ ಆಗಿರುತ್ತಾ?” ಅವರ ಹೆದರಿಕೆಗೆ ನನ್ನ ಅರ್ಧ ವಾಕ್ಯವೇ ಕಾರಣವಾಗಿತ್ತು.

ಆಗ ಪಾಠೋಪಕರಣದ ಮೊರೆಹೋದೆ. ನೀರು ಹರಿಯುತ್ತಿದ್ದ ಮೆತ್ತನೆಯ ರಬ್ಬರ್ ಕೊಳವೆಯ ಮೇಲೆ ಮರಳಿನ ಚೀಲ ಇಟ್ಟಾಗ ಹರಿವು ಕುಗ್ಗಿತು. ಚೀಲವನ್ನು ಪಕ್ಕಕ್ಕೆ ಉರುಳಿಸಿದೊಡನೆ ಮತ್ತೆ ಹರಿಯಿತು. ಅಂಗಾತ ಮಲಗಿದಾಗ ತುಂಬಿದ ಗರ್ಭಕೋಶವು ಬೆನ್ನುಮೂಳೆಯ ಮುಂದಿರುವ ದೊಡ್ಡ ಅಭಿಧಮನಿಯನ್ನು ಹೀಗೆಯೇ ಒತ್ತುತ್ತದೆ. ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗಿ ಕೆಲವರಿಗೆ ತಲೆಸುತ್ತು ಬರುತ್ತದೆ. “ಅಕ್ಕ, 28 ವಾರಗಳ ನಂತರ ಮಲಗುವಾಗ ಮಗ್ಗುಲಾಗಿ ಮಲಗಿ, ಎಡವಾದರೂ ಸರಿ, ಬಲವಾದರೂ ಸರಿ. ಎಚ್ಚರವಾದಾಗ ಅಂಗಾತ ಇದ್ದರೆ ಹೆದರದೆ ಮಗ್ಗುಲಾಗಿ” ಎಂದು ತಿದ್ದಿ ಹೇಳಿದೆ. ನಿದ್ದೆಹೋಗುವ ಭಂಗಿಯಲ್ಲೇ ನಾವು ಸಾಮಾನ್ಯವಾಗಿ ಹೆಚ್ಚು ಹೊತ್ತು ಇರುವುದರಿಂದ ಅದಕ್ಕೇ ಗಮನ ಕೊಟ್ಟರೆ ಸಾಕು.

ಮುಂದಿನ ಪಾಠ ಅವರ ರಾತ್ರಿಯನ್ನೇ ಹಿಡಿದು ಸಾಗಿತು. ಅವರು ಊಟ ಮಾಡುತ್ತಿದ್ದುದು ಒಂಬತ್ತೂವರೆಗೆ, ಮಲಗುತ್ತಿದ್ದುದು ಹತ್ತಕ್ಕೆ, ಎದೆಯುರಿ ತಪ್ಪುತ್ತಿರಲಿಲ್ಲ. ಗರ್ಭಿಣಿಯರಲ್ಲಿ ಹಾರ್ಮೋನಿನಿಂದಾಗಿ ಅನ್ನನಾಳದ ಕೆಳತುದಿಯ ಬಿಗಿತ ಸಡಿಲವಾಗುತ್ತದೆ, ಜಠರವನ್ನು ಗರ್ಭಕೋಶವೂ ಒತ್ತುತ್ತದೆ. ಊಟವನ್ನು ಏಳೂವರೆಗೆ ತಂದರೆ ಎರಡೂವರೆ ಗಂಟೆ ಅಂತರ ಸಿಗುತ್ತದೆ. ಅವರು ತಲೆಗೆ ಎರಡು ದಿಂಬು ಇಡುತ್ತಿದ್ದರು. ಅದರಿಂದ ಕತ್ತು ಮಾತ್ರ ಬಾಗುತ್ತಿತ್ತು. ಬದಲಿಗೆ ಮಡಚಿದ ಕಂಬಳಿಗಳನ್ನು ಹೆಗಲಿನ ಕೆಳಗಿನಿಂದಲೇ ಇಳಿಜಾರಾಗಿ ಹಾಸಿ ತೋರಿಸಿದೆ. ಎದೆಯುರಿ ಇದ್ದಾಗ ಎಡಮಗ್ಗುಲು ಹೆಚ್ಚು ಹಿತ, ಏಕೆಂದರೆ ಆಗ ಜಠರ ಅನ್ನನಾಳದ ಬಾಯಿಗಿಂತ ಕೆಳಗಿರುತ್ತದೆ. ಮೊಣಕಾಲುಗಳ ನಡುವೆ ಹಳೆಯ ಸೀರೆಯ ಸುರುಳಿ ಇಟ್ಟಾಗ ಸೊಂಟದ ಎಳೆತವೂ ತಗ್ಗಿತು.

ನಡುರಾತ್ರಿ ಮೀನಖಂಡ ಹಿಡಿದುಕೊಂಡಾಗ ಅವರು ಕಾಲ್ಬೆರಳುಗಳನ್ನು ಮುಂದಕ್ಕೆ ಚಾಚುತ್ತಿದ್ದರು. ಅದರಿಂದ ಸೆಳೆತ ಹೆಚ್ಚುತ್ತದೆ. ಮೊಣಕಾಲು ನೇರವಾಗಿಟ್ಟು ಪಾದವನ್ನು ತಮ್ಮತ್ತ ಎಳೆದುಕೊಳ್ಳಬೇಕು, ಬಿಟ್ಟ ಮೇಲೆ ತಿಕ್ಕಬೇಕು. ಇದನ್ನು ಎಲ್ಲರಿಂದಲೂ ಕುಳಿತಲ್ಲೇ ಮಾಡಿಸಿದೆ.

ಮನೆಯಲ್ಲಿ ಕಾಯಬಾರದ ಎರಡು ಸಂದರ್ಭಗಳನ್ನು ಕೊನೆಗೆ ಕಪ್ಪುಹಲಗೆಯ ಮೇಲೆ ಬರೆದೆ. ಒಂದೇ ಕಾಲು ಊದಿ, ಬಿಸಿಯಾಗಿ, ನೋವು ಉಳಿದರೆ ಅದು ರಕ್ತ ಹೆಪ್ಪುಗಟ್ಟಿರುವುದರ ಲಕ್ಷಣವಾಗಿರಬಹುದು. ಪಕ್ಕೆಲುಬಿನ ಕೆಳಗಿನ ನೋವಿನ ಜೊತೆ ತೀವ್ರ ತಲೆನೋವು ಅಥವಾ ಕಣ್ಣು ಮಂಜಾಗುವುದಿದ್ದರೆ ಅದು ಎದೆಯುರಿಯಲ್ಲ, ರಕ್ತದೊತ್ತಡ ಏರಿರಬಹುದು. ಎರಡರಲ್ಲೂ ಆ ರಾತ್ರಿಯೇ ಆಸ್ಪತ್ರೆಗೆ ಹೋಗಬೇಕು.

ಮೌಲ್ಯಮಾಪನಕ್ಕೆ, “ಎಚ್ಚರವಾದಾಗ ಅಂಗಾತ ಇದ್ದರೆ?” ಎಂದು ಕೇಳಿದೆ. ಪ್ರಶ್ನೆ ಕೇಳಿದ್ದ ಅವರೇ ಉತ್ತರಿಸಿದರು: “ಹೊರಳಿ ಮತ್ತೆ ಮಲಗೋದು.” ಪಾಠಯೋಜನೆಯ ಆ ಸಾಲನ್ನು ಹೊಡೆದುಹಾಕಿ ಇದನ್ನೇ ಬರೆದಿದ್ದೇನೆ.