ಕುತೂಹಲದ ಸಾಲು, ಗಡುವಿನ ಸಾಲು

ಅತ್ತಿಗುಂಡಿಯಲ್ಲಿ ಮನೆಯನ್ನೂ ಚಿಕ್ಕಮಗಳೂರಿನ ಪೇಟೆಯಲ್ಲಿ ಒಂದು ಚಿಕ್ಕ ಪುಸ್ತಕದಂಗಡಿಯನ್ನೂ ಇಟ್ಟುಕೊಂಡಿರುವ ನಾನು, ತಿಂಗಳಿಗೊಮ್ಮೆ ನಮ್ಮ ಗಿರಾಕಿಗಳಿಗೆ ಇ-ಮೇಲ್ ಮೂಲಕ ಪತ್ರವೊಂದನ್ನು ಕಳುಹಿಸುತ್ತ ಬಂದಿದ್ದೇನೆ. ಅವರಲ್ಲಿ ಕೆಲವರು ಗಿರಿಯ ತೋಟಗಳಲ್ಲಿರುವವರು, ಕೆಲವರು ಇಲ್ಲಿಂದ ಬೆಂಗಳೂರಿಗೆ ಹೋಗಿ ನೆಲೆಸಿದವರು. ಪತ್ರದೊಳಗೆ ಎಷ್ಟೇ ಸಾರವಿದ್ದರೂ ತೆರೆಯುವ ಮುನ್ನ ಓದುಗನಿಗೆ ಮುಖ್ಯವಾಗಿ ಕಾಣುವುದು ಕಳುಹಿಸಿದವರ ಹೆಸರು ಮತ್ತು ವಿಷಯದ ಸಾಲು. ಆ ಸಾಲು ಒಂದು ಪ್ರಶ್ನೆಯನ್ನು ಎಬ್ಬಿಸಬೇಕೋ, ಒಂದು ಗಡುವನ್ನು ತಿಳಿಸಬೇಕೋ ಎಂಬುದನ್ನು ಊಹೆಗೆ ಬಿಡದೆ ಪರೀಕ್ಷಿಸಿ ನೋಡಿದುದರ ಫಲವನ್ನು ಇಲ್ಲಿ ನಿವೇದಿಸುತ್ತೇನೆ.

ರಾಜ್ಯೋತ್ಸವದ ಮಾಸವಾದ ನವೆಂಬರಿನಲ್ಲಿ ನಾವು ಕನ್ನಡ ಪುಸ್ತಕಗಳಿಗೆ ರಿಯಾಯಿತಿ ಕೊಡುತ್ತೇವಾದ್ದರಿಂದ, ಮೂಡಿಗೆರೆಯ ತೇಜಸ್ವಿಯವರು 1980ರಲ್ಲಿ ಪ್ರಕಟಿಸಿದ ‘ಕರ್ವಾಲೊ’ವನ್ನು ಮುಂದಿಟ್ಟುಕೊಂಡು ಎರಡು ಸಾಲುಗಳನ್ನು ಬರೆದೆನು. ‘ಹಾರುವ ಓತಿಯನ್ನು ಅರಸಿ ಕಾಡು ಹೊಕ್ಕವರಿಗೆ ಏನಾಯಿತು?’ ಎಂಬುದು ಮೊದಲನೆಯದು, ‘ನ. 30ರವರೆಗೆ ರಿಯಾಯಿತಿ: ಕರ್ವಾಲೊ’ ಎಂಬುದು ಎರಡನೆಯದು. ಪತ್ರದ ಒಡಲು, ಕಳುಹಿಸುವ ಹೆಸರು, ದಿನ, ಗಳಿಗೆ ಎಲ್ಲವೂ ಒಂದೇ ಆಗಿದ್ದುವು. ವಿಳಾಸಗಳನ್ನು ಪಟ್ಟಿಯ ಮೇಲರ್ಧ, ಕೆಳಗಿನರ್ಧ ಎಂದು ಕತ್ತರಿಸಲಿಲ್ಲ. ಹಾಗೆ ಕತ್ತರಿಸಿದರೆ ಹಳೆಯ ನಂಟಿನ ಗಿರಾಕಿಗಳೆಲ್ಲ ಒಂದೇ ಕಡೆ ಸೇರಿ, ಅವರ ವಿಶ್ವಾಸದ ಫಲವು ಸಾಲಿನ ಗುಣವೆಂದು ತೋರಿಬಿಡುತ್ತದೆ. ಚೀಟಿಯೆತ್ತಿದಂತೆ ಯಾದೃಚ್ಛಿಕವಾಗಿ ಹಂಚಿ, ಮರು ತಿಂಗಳು ಗುಂಪುಗಳನ್ನು ಅದಲು ಬದಲು ಮಾಡಿದೆನು.

ಬಂದ ಸಂಖ್ಯೆಗಳನ್ನು ಓದುವುದರಲ್ಲಿಯೂ ಸಂಯಮ ಬೇಕು. ಗುಂಪೊಂದಕ್ಕೆ ಇನ್ನೂರು ವಿಳಾಸಗಳಿದ್ದು, ಒಂದು ಸಾಲಿನ ಪತ್ರವನ್ನು 60 ಜನರೂ ಇನ್ನೊಂದನ್ನು 72 ಜನರೂ ತೆರೆದರೆಂದು ಭಾವಿಸೋಣ. ಶೇಕಡ 30ಕ್ಕೂ 36ಕ್ಕೂ ಇರುವ ಅಂತರ ಗೆಲುವಿನಂತೆ ಕಾಣುತ್ತದೆ. ಆದರೆ ಇಷ್ಟು ಚಿಕ್ಕ ಗುಂಪುಗಳಲ್ಲಿ ಒಂದೇ ಸಾಲನ್ನು ಎರಡೂ ಕಡೆಗೆ ಕಳುಹಿಸಿದರೂ, ಬರಿಯ ಆಕಸ್ಮಿಕದಿಂದಲೇ ಶೇಕಡ ಒಂಬತ್ತರವರೆಗೆ ಏರುಪೇರಾಗಬಹುದು. ಆದಕಾರಣ ಒಂದು ತಿಂಗಳ ಫಲವನ್ನು ತೀರ್ಪೆಂದೆಣಿಸದೆ, ಹಲವು ತಿಂಗಳುಗಳಲ್ಲಿ ಒಂದೇ ದಿಕ್ಕಿಗೆ ವಾಲುತ್ತದೆಯೇ ಎಂಬುದನ್ನು ನೋಡಬೇಕು.

ಅದಲ್ಲದೆ ‘ತೆರೆದರು’ ಎಂಬ ಲೆಕ್ಕವೇ ಈಗ ಪೂರ್ಣ ವಿಶ್ವಾಸಾರ್ಹವಲ್ಲ. ಪತ್ರದೊಳಗಿನ ಕಣ್ಣಿಗೆ ಕಾಣದ ಒಂದು ಚಿತ್ರ ಇಳಿದಾಗ ಪತ್ರ ತೆರೆಯಿತೆಂದು ದಾಖಲಾಗುತ್ತದೆ. 2021ರಿಂದ ಆ್ಯಪಲ್ ಸಂಸ್ಥೆಯ ಮೇಲ್ ವ್ಯವಸ್ಥೆಯು, ಬಳಕೆದಾರರು ಒಪ್ಪಿದ ಕಡೆಗಳಲ್ಲಿ, ಓದುಗನು ತೆರೆಯುವ ಮೊದಲೇ ಆ ಚಿತ್ರವನ್ನು ಇಳಿಸಿಕೊಳ್ಳಬಲ್ಲುದು. ಆದ್ದರಿಂದ ಬಂದ ಆರ್ಡರುಗಳನ್ನೂ ಮರುಪತ್ರಗಳನ್ನೂ ಬೇರೆಯಾಗಿ ಎಣಿಸಿದೆನು. ಆಗ ಕಂಡುದಿಷ್ಟು: ಕುತೂಹಲದ ಸಾಲಿಗೆ ಮರುಪತ್ರಗಳು ಹೆಚ್ಚು, ಗಡುವಿನ ಸಾಲಿಗೆ ಆರ್ಡರುಗಳು ಹೆಚ್ಚು. ಕೊಳ್ಳಬೇಕೆಂದು ಮೊದಲೇ ಮನಸ್ಸಿದ್ದವನಿಗೆ ಗಡುವು ದಿನವನ್ನು ಗೊತ್ತುಮಾಡಿಕೊಡುತ್ತದೆ. ಮನಸ್ಸೇ ಇಲ್ಲದವನಲ್ಲಿ ಅದು ಆಸೆಯನ್ನು ಹುಟ್ಟಿಸಲಾರದು.

ಕುತೂಹಲಕ್ಕೂ ಒಂದು ಮಿತಿಯಿದೆ. ಮನಃಶಾಸ್ತ್ರದಲ್ಲಿ ಜಾರ್ಜ್ ಲೋವೆನ್‌ಸ್ಟೈನ್ 1994ರಲ್ಲಿ ಪ್ರತಿಪಾದಿಸಿದಂತೆ, ತಿಳಿದಿರುವುದಕ್ಕೂ ತಿಳಿಯಬಯಸುವುದಕ್ಕೂ ನಡುವಣ ತೆರಪು ಮನಸ್ಸಿಗೆ ಗೋಚರವಾದಾಗ ಕುತೂಹಲ ಜನಿಸುತ್ತದೆ. ‘ಇದನ್ನು ನೀವು ಓದಲೇಬೇಕು’ ಎಂಬ ಸಾಲಿನಲ್ಲಿ ತಿಳಿದುದೇನೂ ಇಲ್ಲವಾಗಿ ತೆರಪೂ ಇಲ್ಲ. ‘ಕರ್ವಾಲೊ’ವನ್ನು ಓದಿದವನಿಗೆ ಓತಿಯ ಕಥೆ ಗೊತ್ತಿರುವುದರಿಂದ ಅವನಿಗೂ ತೆರಪಿಲ್ಲ. ಅಂಥವರಿಗೆ ಅವರು ಓದಿರದ ಪುಸ್ತಕದಿಂದಲೇ ಪ್ರಶ್ನೆಯನ್ನು ಆಯಬೇಕು. ಮತ್ತು ಪ್ರಶ್ನೆ ಯಾವುದೇ ಆಗಿರಲಿ, ಅದರ ಉತ್ತರದ ಎಳೆ ಪತ್ರದ ಮೊದಲ ಕಂಡಿಕೆಯಲ್ಲಿಯೇ ಸಿಕ್ಕಬೇಕು.

ಗಡುವಿನ ಸಾಲಿಗೆ ನಮ್ಮ ಗಿರಿಪ್ರದೇಶವು ತನ್ನದೇ ಪಾಠವನ್ನು ಕಲಿಸಿತು. ಜುಲೈ ತಿಂಗಳ ಮಳೆಯಲ್ಲಿ ಕರೆಂಟೂ ನೆಟ್‌ವರ್ಕೂ ಹೋದರೆ ದಿನಗಟ್ಟಲೆ ಬರುವುದಿಲ್ಲ. ಅರೇಬಿಕಾ ಹಣ್ಣಿನ ಕೊಯ್ಲು ನಡೆಯುವಾಗ ತೋಟದವರಿಗೆ ಫೋನು ನೋಡಲು ಪುರುಸೊತ್ತಿಲ್ಲ. ‘ನಿಮ್ಮ ಕಾಗದ ಕಣ್ಣಿಗೆ ಬೀಳೋ ಹೊತ್ತಿಗೆ ದಿನವೇ ಮುಗಿದಿತ್ತಲ್ಲ ಮಾರಾಯ್ರೆ’ ಎಂದು ಬೆಳೆಗಾರರೊಬ್ಬರು ಅಂಗಡಿಗೆ ಬಂದು ಹೇಳಿದರು. ಪತ್ರ ಕಳುಹಿಸುವ ತಂತ್ರಾಂಶವು ಕೆಲವೇ ಗಂಟೆಗಳಲ್ಲಿ ಗೆದ್ದ ಸಾಲನ್ನು ಸಾರುವ ಸೌಲಭ್ಯವನ್ನು ಕೊಡುತ್ತದೆ. ಅದನ್ನು ನಂಬಿದರೆ ಬೆಂಗಳೂರಿನವರ ಅಭಿರುಚಿಯೇ ಎಲ್ಲರದೆಂದಾಗುತ್ತದೆ. ಅದಕ್ಕಾಗಿ ನಾನು ವಾರ ಕಳೆದ ಮೇಲೆಯೇ ಎಣಿಸುತ್ತೇನೆ; ಗಡುವಿಗೂ ಪತ್ರಕ್ಕೂ ನಡುವೆ ಹತ್ತು ದಿನಗಳಾದರೂ ಇರುವಂತೆ ನೋಡುತ್ತೇನೆ.

ಫೋನಿನ ಕಿರಿದಾದ ತೆರೆ ಸಾಲಿನ ಬಾಲವನ್ನು ಕತ್ತರಿಸುವುದರಿಂದ, ಕ್ರಿಯಾಪದ ಕೊನೆಗೆ ಬರುವ ನಮ್ಮ ನುಡಿಯಲ್ಲಿ ತಿರುಳಿನ ಮಾತು ಮೊದಲೇ ಬರಬೇಕು: ದಿನಾಂಕವಾದರೆ ದಿನಾಂಕ, ಓತಿಯಾದರೆ ಓತಿ. ಈಗ ನಮ್ಮಲ್ಲಿ ನಿಜವಾದ ಕೊನೆಯ ದಿನವಿರುವ ತಿಂಗಳುಗಳಲ್ಲಿ ಮಾತ್ರ ಗಡುವಿನ ಸಾಲು, ಉಳಿದ ತಿಂಗಳುಗಳಲ್ಲಿ ಕುತೂಹಲದ ಸಾಲು. ರಿಯಾಯಿತಿಯ ದಿನವನ್ನು ಒಮ್ಮೆ ಸಾರಿದ ಬಳಿಕ ಮುಂದೂಡುವುದಿಲ್ಲ. ಮುಂದೂಡಿದರೆ ಮುಂದಿನ ವರ್ಷದ ನವೆಂಬರಿನಲ್ಲಿ ನಮ್ಮ ‘30’ ಎಂಬ ಅಂಕಿಯನ್ನು ಯಾರೂ ನಂಬಲಾರರು.