ಚಲಿಸುವ ಸರಾಸರಿ ಮತ್ತು ಅದರ ಹಿಂದುಳಿಕೆ

ಏರಿಳಿಯುವ ಧಾರಣೆಯ ಒಟ್ಟು ಒಲವನ್ನರಿಯಲು ಇತ್ತೀಚಿನ ಕೆಲವು ದಿನಗಳ ಸರಾಸರಿಯನ್ನು ಪ್ರತಿದಿನವೂ ಹೊಸದಾಗಿ ತೆಗೆಯುವುದುಂಟು. ಇದೇ ಚಲಿಸುವ ಸರಾಸರಿ. ಹಳೆಯ ದಿನಗಳನ್ನೂ ಒಳಗೊಂಡಿರುವುದರಿಂದ ಅದು ನಿಜವಾದ ಧಾರಣೆಯ ಹಿಂದೆಯೇ ನಡೆಯುತ್ತದೆ.

ಹುಬ್ಬಳ್ಳಿಯ ಅಮರಗೋಳ ಮಾರುಕಟ್ಟೆಯಲ್ಲಿ ಕ್ವಿಂಟಲ್ ಹತ್ತಿಗೆ 7000 ರೂಪಾಯಿಯಿದ್ದ ಧಾರಣೆ ಒಮ್ಮೆಲೇ 7500ಕ್ಕೇರಿ ಅಲ್ಲಿಯೇ ನಿಂತಿತೆಂದು ಭಾವಿಸೋಣ. ಐದು ದಿನಗಳ ಸರಳ ಸರಾಸರಿಗೆ ಎಲ್ಲ ದಿನಗಳೂ ಸಮ; ಆದುದರಿಂದ ಅದು ಮೊದಲ ದಿನ 7100, ಐದನೆಯ ದಿನ 7500. ತೂಕದ ಸರಾಸರಿಯು ಹಳೆಯ ದಿನದಿಂದ ಇಂದಿನವರೆಗೆ 1, 2, 3, 4, 5 ಎಂಬ ತೂಕಗಳಿಂದ ಧಾರಣೆಗಳನ್ನು ಗುಣಿಸಿ, ಮೊತ್ತವನ್ನು 15ರಿಂದ ಭಾಗಿಸುತ್ತದೆ. ಮೊದಲ ದಿನವೇ 7167, ಐದನೆಯ ದಿನ 7500. ಘಾತೀಯ ಸರಾಸರಿಯು ನಿನ್ನೆಯ ಸರಾಸರಿಗೂ ಇಂದಿನ ಧಾರಣೆಗೂ ಇರುವ ಅಂತರದ ಮೂರನೆಯ ಒಂದು ಪಾಲಿನಷ್ಟೇ ಮುಂದೆ ಸರಿಯುತ್ತದೆ. ಮೊದಲ ದಿನ ಅದೂ 7167. ಆದರೆ ಐದನೆಯ ದಿನಕ್ಕೆ 7434 ಮಾತ್ರ. ಹಳೆಯದರ ಪಾಲು ಕುಗ್ಗುತ್ತದೆಯೇ ಹೊರತು ಅಳಿಯುವುದಿಲ್ಲ.

ಘಾತೀಯವೇ ಚುರುಕೆಂಬ ರೂಢಿಯ ಮಾತು ಆದುದರಿಂದ ಅರ್ಧ ನಿಜ. ಧಾರಣೆ ದಿನಕ್ಕೆ 50ರಂತೆ ಬಹುಕಾಲ ಏರಿದರೆ ಸರಳವೂ ಘಾತೀಯವೂ 100 ರೂಪಾಯಿ ಹಿಂದಿರುತ್ತವೆ. ತೂಕದ್ದು 67 ಮಾತ್ರ.

ಧಾರಣೆ ಸ್ಥಿರವಾಗಿದ್ದಾಗ ಹಿಂದುಳಿಕೆ ಬಾಧಕವಲ್ಲ; ತಿರುವಿನಲ್ಲಿಯೇ ಅದರ ಪೆಟ್ಟು. ಅದೇ ಏರಿಕೆ ಶಿಖರ ಮುಟ್ಟಿ ದಿನಕ್ಕೆ 50ರಂತೆ ಇಳಿಯತೊಡಗಿದರೆ ತೂಕದ್ದೂ ಘಾತೀಯವೂ ಎರಡನೆಯ ದಿನವೇ ಬಾಗುತ್ತವೆ. ಸರಳವು ಅಂದೂ ಏರುತ್ತಲೇ ಇದ್ದು ಮೂರನೆಯ ದಿನ ಬಾಗುತ್ತದೆ. ಅದನ್ನೇ ನಂಬಿ ಹತ್ತಿಯನ್ನು ಮನೆಯಲ್ಲಿಟ್ಟುಕೊಂಡವನಿಗೆ ಅಷ್ಟರಲ್ಲಿ ಕ್ವಿಂಟಲಿಗೆ 150 ರೂಪಾಯಿ ಹೋಗಿರುತ್ತದೆ. ಆದರೆ ಒಂದೇ ದಿನದ ಹುಸಿ ಏರಿಕೆಗೆ ಮೋಸಹೋಗುವುದರಲ್ಲಿಯೂ ಆ ಚುರುಕಿನವೇ ಮೊದಲು.